ವಚನದ ವಿಡಿಯೋ ಸ್ಕ್ರಿಪ್ಟನ್ನ ಸ್ವೈಪ್ ಪೋಸ್ಟ್ ಮಾಡೋದು ಹೇಗೆ: ಹಳೇಬೀಡಿನ ಒಂದು ಸ್ಕ್ರಿಪ್ಟ್ ಇಟ್ಕೊಂಡು ಮೊದಲಿಂದ ಕೊನೇವರೆಗೂ

ಹಾಸನ, ಬೇಲೂರು, ಚಿಕ್ಕಮಗಳೂರು ಕಡೆ ವಚನ, ತ್ರಿಪದಿ, ಕೀರ್ತನೆ ಇಟ್ಕೊಂಡು ರೀಲ್ಸ್ ಮಾಡೋ ಹುಡುಗ್ರು ಹುಡುಗೀರು ಜಾಸ್ತಿ ಆಗಿದಾರೆ, ಮಾತು ಚೆನ್ನಾಗಿರುತ್ತೆ, ಶೂಟಿಂಗೂ ಚೆನ್ನಾಗಿರುತ್ತೆ. ಅದೇ ಸ್ಕ್ರಿಪ್ಟನ್ನ ಸ್ವೈಪ್ ಪೋಸ್ಟ್ ಮಾಡಿ ಹಾಕಿದಾಗ ಮಾತ್ರ ಕೆಡುತ್ತೆ. ನನಗೆ ತೋರಿಸೋಕೆ ಕಳಿಸೋ ಪೋಸ್ಟುಗಳಲ್ಲಿ ಪದೇ ಪದೇ ಕಾಣೋ ತಪ್ಪು ಒಂದೇ: ಸ್ಕ್ರಿಪ್ಟನ್ನ ಮೇಲಿಂದ ಕೆಳಕ್ಕೆ ತುಂಡು ತುಂಡು ಮಾಡಿ, ಒಂದೊಂದು ತುಂಡನ್ನ ಒಂದೊಂದು ಸ್ಲೈಡಿಗೆ ಅಂಟಿಸಿರ್ತಾರೆ. "ನಮಸ್ಕಾರ ಸ್ನೇಹಿತರೇ" ಅನ್ನೋದೇ ಒಂದು ಸ್ಲೈಡ್ ಆಗಿರುತ್ತೆ, ವಚನ ಎರಡು ಸ್ಲೈಡಿಗೆ ಹರಿದು ಹಂಚಿ ಹೋಗಿರುತ್ತೆ, ಅರ್ಥ ಯಾವುದು ಹೇಳೋರ ಸ್ವಂತ ಮಾತು ಯಾವುದು ಅಂತ ಓದೋರಿಗೆ ಗೊತ್ತೇ ಆಗಲ್ಲ.

ವಿಡಿಯೋಲಿ ಮಾತು ಒಂದರ ಹಿಂದೆ ಒಂದು ಹರ್ಕೊಂಡು ಹೋಗುತ್ತೆ, ದನಿ ಇರುತ್ತೆ, ಮುಖ ಇರುತ್ತೆ, ಹಿಂದೆ ಕಲ್ಲಿನ ಗೋಡೆ ಕಾಣ್ತಿರುತ್ತೆ. ಸ್ವೈಪಲ್ಲಿ ಇದ್ಯಾವುದೂ ಇಲ್ಲ. ಆದ್ರೆ ಓದೋರು ನಿಲ್ಲಬಹುದು, ಹಿಂದಕ್ಕೆ ಹೋಗಬಹುದು, ಒಂದೇ ಒಂದು ಸ್ಲೈಡನ್ನ ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ಸಿಗೆ ಹಾಕಬಹುದು. ಹಾಗಾಗಿ ಕೆಲಸದ ಕ್ರಮವೇ ಬೇರೆ. ಮೊದಲು ಮೂಲ ವಚನ, ಆಮೇಲೆ ಅರ್ಥ, ಆಮೇಲೆ ಚಿಂತನೆ, ಕಟ್ಟಕಡೆಗೆ ಮುಖಪುಟ. ಈ ಕ್ರಮ ತಪ್ಪಿದ್ರೆ ಎಷ್ಟು ಚೆಂದದ ಡಿಸೈನ್ ಮಾಡಿದ್ರೂ ನಿಲ್ಲಲ್ಲ.

ಇಲ್ಲಿ ಒಂದೇ ಸ್ಕ್ರಿಪ್ಟ್ ತಗೊಂಡು ಪೂರ್ತಿ ಮಾಡಿ ತೋರಿಸ್ತೀನಿ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಮುಂದೆ ನಿಂತು ಬಸವಣ್ಣನವರ "ಉಳ್ಳವರು ಶಿವಾಲಯವ ಮಾಡುವರು" ವಚನದ ಬಗ್ಗೆ ಮಾತಾಡೋ ಒಂದೂವರೆ ನಿಮಿಷದ ಸ್ಕ್ರಿಪ್ಟ್ ಅದು.

## ಕೈಯಲ್ಲಿ ಏನೇನಿರ್ಬೇಕು

ಸ್ಕ್ರಿಪ್ಟಿನ ಪ್ರಿಂಟು, ಮೂರು ಬಣ್ಣದ ಪೆನ್ನು, ಕ್ಯಾನ್ವಾ ಥರದ ಯಾವುದಾದ್ರೂ ಒಂದು ಡಿಸೈನ್ ಆ್ಯಪು, ಯೂನಿಕೋಡ್ ಕನ್ನಡ ಫಾಂಟ್ ಎರಡು, ವಚನದ ನಂಬಿಕಸ್ತ ಪಾಠ ಒಂದು. ಇಷ್ಟೇ ಸಾಕು. ಲ್ಯಾಪ್‌ಟಾಪೇ ಬೇಕು ಅಂತೇನಿಲ್ಲ, ಫೋನಲ್ಲೇ ಆಗುತ್ತೆ, ಆದ್ರೆ ಮೊದಲ ಮೂರು ಹಂತ ಪೇಪರ್ ಮೇಲೇ ಮಾಡಿ. ಆ್ಯಪ್ ತೆಗೆದ ತಕ್ಷಣ ಮನಸ್ಸು ಬಣ್ಣ, ಬ್ಯಾಕ್‌ಗ್ರೌಂಡ್ ಕಡೆ ಹೋಗುತ್ತೆ, ಮಾತು ಹಿಂದೆ ಬೀಳುತ್ತೆ.

ಸ್ಕ್ರಿಪ್ಟ್ ಡಿಟಿಪಿ ಅಂಗಡೀಲಿ ಟೈಪ್ ಮಾಡಿಸಿದ್ದಾದ್ರೆ ಅದು ನುಡಿ ಸಾಫ್ಟ್‌ವೇರಿನ ಹಳೇ ಆಸ್ಕಿ ಫಾಂಟಲ್ಲಿರೋ ಸಾಧ್ಯತೆ ಜಾಸ್ತಿ. ಅದನ್ನ ಕಾಪಿ ಮಾಡಿ ಆ್ಯಪಿಗೆ ಹಾಕಿದ್ರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿದ ಹಾಗೆ ಕಾಣುತ್ತೆ. ಆಗ ಆಸ್ಕಿಯಿಂದ ಯೂನಿಕೋಡಿಗೆ ಕನ್ವರ್ಟ್ ಮಾಡ್ಕೋಬೇಕು, ಮಾಡಿದ್ಮೇಲೆ ಅರ್ಕಾವೊತ್ತು, ಒತ್ತಕ್ಷರ ಇರೋ ಪದಗಳನ್ನ ಒಂದೊಂದಾಗಿ ನೋಡ್ಬೇಕು. ಕನ್ವರ್ಷನಲ್ಲಿ ಎಡವೋದು ಅಲ್ಲೇ.

## ಹಂತ 1: ಸ್ಕ್ರಿಪ್ಟನ್ನ ಬಣ್ಣ ಹಾಕಿ ಬೇರೆ ಮಾಡಿ

ನಮ್ಮ ಸ್ಕ್ರಿಪ್ಟ್ ಹೀಗಿದೆ ಅಂದ್ಕೊಳ್ಳಿ:

"ನಮಸ್ಕಾರ, ಈಗ ನಾವು ಹಳೇಬೀಡಲ್ಲಿದೀವಿ. ನನ್ನ ಹಿಂದೆ ಕಾಣ್ತಿದೆಯಲ್ಲ, ಇದು ಹೊಯ್ಸಳೇಶ್ವರ ದೇವಸ್ಥಾನ, ಹನ್ನೆರಡನೇ ಶತಮಾನದ್ದು. ಮೇಲೆ ನೋಡಿ, ಶಿಖರಾನೇ ಇಲ್ಲ. ಅದೇ ಶತಮಾನದಲ್ಲಿ ಬಸವಣ್ಣನವರು ಏನ್ ಹೇಳಿದ್ರು ಗೊತ್ತಾ? (ವಚನ ಓದೋದು.) ದುಡ್ಡಿದ್ದೋರು ಗುಡಿ ಕಟ್ಟಿಸ್ತಾರೆ, ನಾನು ಬಡವ, ನಾನೇನ್ ಮಾಡ್ಲಿ ಅಂತಾರೆ. ನನ್ನ ಕಾಲೇ ಕಂಬ, ಮೈಯೇ ಗುಡಿ, ತಲೆಯೇ ಚಿನ್ನದ ಕಳಶ. ನಿಂತಿರೋದು ಬಿದ್ದೋಗುತ್ತೆ, ಓಡಾಡೋದಕ್ಕೆ ಸಾವಿಲ್ಲ. ನೀವೆಲ್ಲಾ ಗುಡಿಗೆ ದುಡ್ಡು ಕೊಟ್ಟು ಕಲ್ಲಲ್ಲಿ ಹೆಸರು ಕೆತ್ತಿಸ್ಕೋತೀರಾ, ಮನೇಲಿರೋ ಅಜ್ಜಿ ಹತ್ರ ಐದು ನಿಮಿಷ ಕೂತ್ಕೊಳ್ಳಲ್ಲ. ಯೋಚ್ನೆ ಮಾಡಿ. (ವಚನ ಇನ್ನೊಂದ್ಸಲ.)"

ಈಗ ಪೆನ್ನು ತಗೊಳ್ಳಿ. ವಚನದ ಸಾಲುಗಳಿಗೆ ಕೆಂಪು. ವಚನ ಏನು ಹೇಳ್ತಿದೆಯೋ ಅದನ್ನಷ್ಟೇ ಬಿಡಿಸಿ ಹೇಳೋ ವಾಕ್ಯಗಳಿಗೆ ನೀಲಿ. ವಚನದಲ್ಲಿ ಇಲ್ಲದೇ ಇರೋದು, ಅಂದ್ರೆ ಹೇಳೋರು ತಮ್ಮ ಕಡೆಯಿಂದ ಸೇರಿಸಿದ್ದಕ್ಕೆಲ್ಲ ಹಸಿರು. ನಮಸ್ಕಾರ, ಗೊತ್ತಾ, ನೋಡಿ, ಇಂಥವೆಲ್ಲ ಮಾತು ಕೂಡಿಸೋ ಪದಗಳು, ಇವಕ್ಕೆ ಬಣ್ಣ ಬೇಡ, ಗೀಟು ಹಾಕಿ ಹೊಡೆದುಬಿಡಿ.

ಕಷ್ಟ ಬರೋದು ನೀಲಿ ಹಸಿರಿನ ನಡುವೆ. "ನಿಂತಿರೋದು ಬಿದ್ದೋಗುತ್ತೆ" ನೀಲಿ, ಯಾಕಂದ್ರೆ ವಚನದ ಕೊನೇ ಸಾಲಲ್ಲಿ ಅದೇ ಇದೆ. "ಮೇಲೆ ನೋಡಿ, ಶಿಖರಾನೇ ಇಲ್ಲ" ಹಸಿರು. ಅದು ಹಳೇಬೀಡಿನ ವಿಷಯ, ವಚನದ್ದಲ್ಲ. ಅಜ್ಜಿ ವಿಷಯಾನೂ ಹಸಿರು. ಅನುಮಾನ ಬಂದಾಗ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಈ ಮಾತಿಗೆ ವಚನದಲ್ಲಿ ಯಾವ ಪದ ಇದೆ? ಬೆರಳಿಟ್ಟು ತೋರಿಸೋಕೆ ಆದ್ರೆ ನೀಲಿ, ಆಗದಿದ್ರೆ ಹಸಿರು.

ಇದರ ಜೊತೆಗೆ ಕ್ಯಾಮೆರಾ ನಂಬ್ಕೊಂಡಿರೋ ಪದಗಳಿಗೆಲ್ಲ ಸುತ್ತು ಹಾಕಿ: "ನನ್ನ ಹಿಂದೆ", "ಮೇಲೆ ನೋಡಿ", "ಈಗ ನಾವು". ಸ್ಲೈಡಲ್ಲಿ ಹಿಂದೂ ಇಲ್ಲ, ಮೇಲೂ ಇಲ್ಲ. ಇವನ್ನ ಒಂದೋ ಫೋಟೋ ಮಾಡ್ಬೇಕು ಇಲ್ಲಾ ಪದದಲ್ಲಿ ಹೇಳ್ಬೇಕು. ದನಿ ನಂಬ್ಕೊಂಡಿರೋ ವಾಕ್ಯಕ್ಕೂ ಸುತ್ತು ಹಾಕಿ. "ನೀವೆಲ್ಲಾ ಹೆಸರು ಕೆತ್ತಿಸ್ಕೋತೀರಾ" ಅನ್ನೋದನ್ನ ನಗ್ತಾ ಹೇಳಿದ್ರೆ ವಿಡಿಯೋಲಿ ನಡೆಯುತ್ತೆ, ಅದೇ ಸಾಲು ಅಕ್ಷರವಾಗಿ ಬಂದ್ರೆ ಬೈಗುಳ.

ಬಣ್ಣ ಹಾಕಿ ಮುಗಿಸಿ ದೂರದಿಂದ ನೋಡಿ. ನೀಲಿ ಎರಡೇ ಎರಡು ವಾಕ್ಯ ಇದ್ದು ಪೂರ್ತಿ ಹಸಿರೇ ತುಂಬ್ಕೊಂಡಿದ್ರೆ, ಆ ಸ್ಕ್ರಿಪ್ಟಲ್ಲಿ ಅರ್ಥ ಹೇಳೋ ಕೆಲಸ ಇನ್ನೂ ಆಗೇ ಇಲ್ಲ ಅಂತ. ಆಗ ಮುಂದಕ್ಕೆ ಹೋಗ್ಬೇಡಿ, ಮೊದಲು ಅರ್ಥ ಬರೀರಿ.

## ಹಂತ 2: ವಚನದ ಪಾಠವನ್ನ ಮೊದಲೇ ಭದ್ರ ಮಾಡಿ

ಮಾತಲ್ಲಿ ಹೇಳುವಾಗ ಒಂದಕ್ಷರ ಆಚೀಚೆ ಆದ್ರೂ ಗಾಳೀಲಿ ಹೋಗುತ್ತೆ. ಸ್ಲೈಡಲ್ಲಿ ಬರೆದಿದ್ದು ಉಳಿಯುತ್ತೆ, ಫಾರ್ವರ್ಡ್ ಆಗುತ್ತೆ, ನಾಳೆ ಇನ್ನೊಬ್ಬರು ಅದನ್ನೇ ನೋಡಿ ಬರ್ಕೋತಾರೆ. ಅದಕ್ಕೆ ವಚನವನ್ನ ಸ್ಕ್ರಿಪ್ಟಿಂದ ತಗೋಬೇಡಿ, ನೆನಪಿಂದಲೂ ತಗೋಬೇಡಿ, ಇನ್ನೊಂದು ಪೇಜಿನ ಪೋಸ್ಟಿಂದ ಅಂತೂ ಬೇಡವೇ ಬೇಡ. ಕರ್ನಾಟಕ ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳಲ್ಲಿ ಮೊದಲನೇದು ಬಸವಣ್ಣನವರದ್ದು, ಲೈಬ್ರರೀಲಿ ಕೇಳಿ ನೋಡಿ. ಆನ್‌ಲೈನಲ್ಲಿ vachana.sanchaya.net ಅಂತ ಇದೆ, ಒಂದು ಪದ ಹಾಕಿದ್ರೆ ಆ ಪದ ಇರೋ ವಚನಗಳು ಸಿಗುತ್ತವೆ.

ನಮ್ಮ ವಚನ:

ಉಳ್ಳವರು ಶಿವಾಲಯವ ಮಾಡುವರು
ನಾನೇನ ಮಾಡಲಿ ಬಡವನಯ್ಯಾ
ಎನ್ನ ಕಾಲೇ ಕಂಬ, ದೇಹವೇ ದೇಗುಲ,
ಶಿರವೇ ಹೊನ್ನ ಕಳಶವಯ್ಯಾ
ಕೂಡಲಸಂಗಮದೇವಾ ಕೇಳಯ್ಯಾ,
ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ.

ಇದರಲ್ಲಿ ಜನ ಸುಲಭ ಮಾಡೋಣ ಅಂತ ಕೈ ಹಾಕೋ ಜಾಗ ಎರಡು. "ಮಾಡುವರು" ಅನ್ನೋದನ್ನ "ಕಟ್ಟುವರು" ಮಾಡ್ತಾರೆ, "ಸ್ಥಾವರಕ್ಕಳಿವುಂಟು" ಅನ್ನೋದನ್ನ "ಸ್ಥಾವರಕ್ಕೆ ಅಳಿವು ಉಂಟು" ಅಂತ ಬಿಡಿಸಿ ಬರೀತಾರೆ. ಬಿಡಿಸೋ ಕೆಲಸ ಅರ್ಥದ ಸ್ಲೈಡಿಂದು, ಮೂಲ ಮೂಲದ ಹಾಗೇ ಇರ್ಲಿ. ಅಂಕಿತ ಇರೋ ಸಾಲನ್ನ ಜಾಗ ಸಾಲ್ದು ಅಂತ ಬಿಡೋರೂ ಇದಾರೆ. ಕೂಡಲಸಂಗಮದೇವ ಅನ್ನೋದು ಹೋದ್ರೆ ಅದು ಯಾರ ವಚನ ಅನ್ನೋ ಗುರುತೇ ಹೋಯ್ತು.

ಟೈಪ್ ಮಾಡಿದ್ಮೇಲೆ ಊರಲ್ಲಿರೋ ಯಾರಾದ್ರೂ ಕನ್ನಡ ಮೇಷ್ಟ್ರಿಗೆ ಒಂದ್ಸಲ ತೋರಿಸಿ. "ಸಾರ್, ಅರ್ಥ ಬೇಡ, ಅಕ್ಷರ ಮಾತ್ರ ನೋಡ್ಕೊಡಿ" ಅಂದ್ರೆ ಎರಡೇ ನಿಮಿಷದ ಕೆಲಸ. ನೋಡಿದ್ಮೇಲೆ ಆ ಪಾಠವನ್ನ ಬೇರೆ ಫೈಲಲ್ಲಿ ಇಟ್ಬಿಡಿ, ಮುಂದೆ ಎಲ್ಲಾ ಕಡೆ ಅಲ್ಲಿಂದಲೇ ಕಾಪಿ ಮಾಡಿ, ಮತ್ತೆ ಟೈಪ್ ಮಾಡೋಕೆ ಹೋಗ್ಬೇಡಿ.

## ಹಂತ 3: ಎಷ್ಟು ಸ್ಲೈಡು, ಯಾವುದರ ಹಿಂದೆ ಯಾವುದು

ಇನ್‌ಸ್ಟಾಗ್ರಾಂ ಈಗ ಒಂದು ಪೋಸ್ಟಲ್ಲಿ 20 ಸ್ಲೈಡ್‌ವರೆಗೂ ಬಿಡುತ್ತೆ. ಬಿಡುತ್ತೆ ಅಂತ ತುಂಬಿಸ್ಬೇಡಿ. ಆರು ಸಾಲಿನ ವಚನಕ್ಕೆ ಏಳು ಸ್ಲೈಡು ಧಾರಾಳ. ನಮ್ಮದು ಹೀಗೆ ಬರುತ್ತೆ: 1 ಮುಖಪುಟ, 2 ಪೂರ್ತಿ ವಚನ, 3 ರಿಂದ 5 ಅರ್ಥ, 6 ಮತ್ತು 7 ಚಿಂತನೆ.

ವಚನ ಎರಡನೇ ಸ್ಲೈಡಲ್ಲೇ ಬರ್ಬೇಕು ಅನ್ನೋದಕ್ಕೆ ಕಾರಣ ಇದೆ. ಮೊದಲ ಸಲ ಸ್ವೈಪ್ ಮಾಡದೇ ದಾಟಿ ಹೋದೋರಿಗೆ ಅದೇ ಪೋಸ್ಟು ಇನ್ನೊಂದ್ಸಲ ಬಂದಾಗ ಎರಡನೇ ಸ್ಲೈಡಿಂದಲೇ ಕಾಣೋದೂ ಉಂಟು. ಅಲ್ಲಿ "ಬನ್ನಿ ನೋಡೋಣ" ಅಂತ ಪೀಠಿಕೆ ಇದ್ರೆ ಅವ್ರಿಗೆ ತಲೆಬುಡ ಸಿಗಲ್ಲ. ಪೂರ್ತಿ ವಚನ ಇದ್ರೆ ಅದೊಂದೇ ಓದಿದ್ರೂ ಸಾಕು.

ವಿಡಿಯೋಲಿ ವಚನ ಎರಡು ಸಲ ಓದಿದ್ರು, ಕೇಳೋರು ಮರೀತಾರೆ ಅಂತ. ಸ್ವೈಪಲ್ಲಿ ಕೊನೇಲಿ ಮತ್ತೆ ವಚನ ಬೇಡ, ಬೇಕಾದೋರು ಹಿಂದಕ್ಕೆ ಹೋಗಿ ಓದ್ತಾರೆ. ಅದರ ಬದಲು ಅರ್ಥದ ಪ್ರತಿ ಸ್ಲೈಡಿನ ನೆತ್ತಿ ಮೇಲೆ, ಅಲ್ಲಿ ಬಿಡಿಸ್ತಿರೋ ಸಾಲನ್ನಷ್ಟೇ ಚಿಕ್ಕದಾಗಿ ಹಾಕಿ. ಕೊನೇಲಿ ಬರೀ "ಫಾಲೋ ಮಾಡಿ, ಶೇರ್ ಮಾಡಿ" ಅಂತ ಒಂದು ಸ್ಲೈಡ್ ಹಾಕೋದನ್ನ ನಾನಂತೂ ಒಪ್ಪಲ್ಲ, ಚಿಂತನೆ ಮನಸ್ಸಿಗೆ ಇಳಿಯೋ ಹೊತ್ತಲ್ಲೇ ಅದು ಅಡ್ಡ ಬರುತ್ತೆ. ಹಾಕಲೇಬೇಕಿದ್ರೆ ಕ್ಯಾಪ್ಶನಲ್ಲಿ ಹಾಕಿ.

## ಹಂತ 4: ವಚನದ ಸ್ಲೈಡು

ಓದೋವಾಗ ನೀವು ಉಸಿರು ತಗೊಂಡ ಜಾಗಗಳೇ ಇಲ್ಲಿ ಸಾಲು ಮುರಿಯೋ ಜಾಗ. ವಿಡಿಯೋನ ಇನ್ನೊಂದ್ಸಲ ಹಾಕಿ ಕೇಳಿ, ಎಲ್ಲಿ ನಿಲ್ಲಿಸಿದೀರೋ ಅಲ್ಲಿ ಗುರುತು ಹಾಕಿ. ನಮ್ಮ ವಚನದಲ್ಲಿ ಮೂರನೇ ಸಾಲನ್ನ ನಾನು ಎರಡು ಮಾಡ್ತೀನಿ:

ಎನ್ನ ಕಾಲೇ ಕಂಬ,
ದೇಹವೇ ದೇಗುಲ,
ಶಿರವೇ ಹೊನ್ನ ಕಳಶವಯ್ಯಾ

ಕಾಲು, ದೇಹ, ಶಿರ, ಕೆಳಗಿಂದ ಮೇಲಕ್ಕೆ ಗುಡಿ ಎದ್ದು ನಿಂತ ಹಾಗೆ ವಚನ ಹೋಗುತ್ತೆ, ಮೂರು ಸಾಲಾಗಿ ಇಟ್ಟಾಗ ಕಣ್ಣಿಗೂ ಅದು ಕಾಣುತ್ತೆ. ಪದ ಒಂದೂ ಬದಲಾಗಿಲ್ಲ, ಸಾಲು ಮಾತ್ರ ಮುರಿದಿದೆ, ಇಷ್ಟು ಸ್ವಾತಂತ್ರ್ಯ ತಗೋಬಹುದು. ಒಟ್ಟು ಏಳು ಸಾಲಾಯ್ತು.

ಇಲ್ಲಿ ಆಗೋ ದೊಡ್ಡ ಅನಾಹುತ ಅಂದ್ರೆ ಆ್ಯಪ್ ತಾನೇ ಸಾಲು ಮುರಿಯೋದು. ಬಾಕ್ಸ್ ಅಗಲ ಸಾಲದಿದ್ರೆ "ಕಳಶವಯ್ಯಾ" ಒಂದೇ ಕೆಳಗೆ ಬೀಳುತ್ತೆ, "ಜಂಗಮಕ್ಕಳಿವಿಲ್ಲ" ಒಂಟಿಯಾಗುತ್ತೆ. ಅಕ್ಷರದ ಸೈಜನ್ನ ಅತಿ ಉದ್ದದ ಸಾಲು ನೋಡ್ಕೊಂಡು ಇಡಿ. ಈ ವಚನದಲ್ಲಿ ಅತಿ ಉದ್ದದ್ದು ಕೊನೇ ಸಾಲು. ಅದು ಒಂದೇ ಸಾಲಲ್ಲಿ ಕೂರಲ್ಲ ಅಂದ್ರೆ "ಸ್ಥಾವರಕ್ಕಳಿವುಂಟು" ಆದ್ಮೇಲೆ ನೀವೇ ಮುರೀರಿ, ಅಲ್ಲಿ ಮುರಿದ್ರೆ ಎದುರುಬದುರಾಗಿ ನಿಲ್ಲುತ್ತೆ, ಚೆನ್ನಾಗೂ ಇರುತ್ತೆ.

ಕೆಳಗೆ ಚಿಕ್ಕದಾಗಿ "ಬಸವಣ್ಣ" ಅಂತ ಹೆಸರು, ಅದರ ಪಕ್ಕ ನಿಮ್ಮ ಪೇಜಿನ ಹೆಸರು ಬೇಕಿದ್ರೆ ಇನ್ನೂ ಚಿಕ್ಕದಾಗಿ. ಈ ಸ್ಲೈಡು ಒಂಟಿಯಾಗಿ ಊರೆಲ್ಲಾ ತಿರುಗುತ್ತೆ ಅಂತ ತಿಳ್ಕೊಂಡೇ ಮಾಡಿ.

## ಹಂತ 5: ಅರ್ಥದ ಸ್ಲೈಡುಗಳು

ನೀಲಿ ವಾಕ್ಯಗಳು ಮಾತ್ರ ಇಲ್ಲಿಗೆ ಬರ್ಬೇಕು. ಒಂದು ಸ್ಲೈಡಿಗೆ 25, 30 ಪದ ಸಾಕು, ಅದಕ್ಕಿಂತ ಜಾಸ್ತಿ ಆದ್ರೆ ಅಕ್ಷರ ಚಿಕ್ಕದಾಗುತ್ತೆ.

ಮೂರನೇ ಸ್ಲೈಡು, ಮೊದಲ ಎರಡು ಸಾಲಿಂದು: "ಹಣ ಇದ್ದವರು ಶಿವನಿಗೆ ಗುಡಿ ಕಟ್ಟಿಸುತ್ತಾರೆ. ನಾನು ಬಡವ, ನಾನೇನು ಮಾಡಲಿ?" ಇಷ್ಟೇ. ಇಲ್ಲಿ ಒಂದು ಅಪಾಯ ಇದೆ. "ಬಡ ಬಸವಣ್ಣ ಗುಡಿ ಕಟ್ಟೋಕೆ ದುಡ್ಡಿಲ್ಲದೇ ಅತ್ತ" ಅಂತ ಕಥೆ ಕಟ್ಟಿ ಹಾಕ್ತಾರೆ. ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡ್ಕೊಳ್ತಿದ್ದೋರು. ಹಾಗಾಗಿ ಆ "ಬಡವ" ಅನ್ನೋ ಪದವನ್ನ ಅವರ ಜೇಬಿನ ಲೆಕ್ಕ ಮಾಡ್ಬೇಡಿ. ದೇವರ ಮುಂದೆ ನಿಂತ ಭಕ್ತನ ದನಿ ಅದು, ಗುಡಿ ಕಟ್ಟಿಸೋಕೆ ಆಗದ ಎಲ್ಲರ ಪರವಾಗಿ ಆಡಿದ ಮಾತು. ಸ್ಲೈಡಲ್ಲಿ ಇದನ್ನೆಲ್ಲ ಬರೆಯೋ ಅಗತ್ಯ ಇಲ್ಲ, ಇಲ್ಲದ ಕಥೆ ಸೇರಿಸದೇ ಇದ್ರೆ ಸಾಕು.

ನಾಲ್ಕನೇ ಸ್ಲೈಡು: "ನನ್ನ ಕಾಲುಗಳೇ ಕಂಬ. ಈ ಮೈಯೇ ಗುಡಿ. ತಲೆಯೇ ಚಿನ್ನದ ಕಳಶ." ಇದನ್ನ ಹಿಗ್ಗಿಸೋಕೆ ಹೋಗ್ಬೇಡಿ, ವಚನವೇ ತಿಳಿಯಾಗಿದೆ.

ಹೊತ್ತು ಕೊಡ್ಬೇಕಾದ್ದು ಐದನೇ ಸ್ಲೈಡಿಗೆ. ಸ್ಕ್ರಿಪ್ಟಲ್ಲಿ "ನಿಂತಿರೋದು ಬಿದ್ದೋಗುತ್ತೆ, ಓಡಾಡೋದಕ್ಕೆ ಸಾವಿಲ್ಲ" ಅಂತಿದೆ. ಕೇಳುವಾಗ ಜನ ತಲೆ ಆಡಿಸ್ತಾರೆ, ಮಾತು ಮುಂದಕ್ಕೆ ಹೋಗಿರುತ್ತೆ. ಓದುವಾಗ ಮಾತ್ರ ನಿಂತು ಕೇಳ್ತಾರೆ: ಮೈಯೂ ಸಾಯುತ್ತಲ್ಲ, ಮತ್ತೆ ಅಳಿವಿಲ್ಲ ಅಂದ್ರೇನು? ಈ ಪ್ರಶ್ನೆಗೆ ಸ್ಕ್ರಿಪ್ಟಲ್ಲಿ ಉತ್ತರ ಇಲ್ಲ, ಸ್ಲೈಡಲ್ಲಿ ಇರ್ಲೇಬೇಕು. ನಾನು ಬರೆಯೋದು ಹೀಗೆ:

"ಸ್ಥಾವರ: ಕಟ್ಟಿ ನಿಲ್ಲಿಸಿದ್ದು. ಅದು ಒಂದು ದಿನ ಅಳಿಯುತ್ತದೆ. ಜಂಗಮ: ನಡೆದಾಡುವುದು. ಇಲ್ಲಿ ಅದು ಬರೀ ಮೈಯಲ್ಲ, ಮೈಯೊಳಗೆ ನಡೆದಾಡುವ ಚೈತನ್ಯ. ಅದಕ್ಕೆ ಅಳಿವಿಲ್ಲ."

ಜಂಗಮ ಅನ್ನೋದಕ್ಕೆ ಶರಣರ ಪರಂಪರೆಯಲ್ಲಿ ಇನ್ನೂ ಆಳದ ಅರ್ಥಗಳಿವೆ. ಗುರು, ಲಿಂಗ, ಜಂಗಮ ಅಂತ ಒಟ್ಟಿಗೆ ಹೇಳುವಾಗ ಅದರ ತೂಕವೇ ಬೇರೆ. ಅದನ್ನೆಲ್ಲ ಮೂರು ಸಾಲಿನ ಸ್ಲೈಡಿಗೆ ತುರುಕೋಕೆ ಆಗಲ್ಲ, ಕ್ಯಾಪ್ಶನಲ್ಲಿ ಒಂದು ವಾಕ್ಯ ಬರೀರಿ, "ಇದು ಒಂದು ಓದು, ಜಂಗಮಕ್ಕೆ ಬೇರೆ ಅರ್ಥಗಳೂ ಇವೆ" ಅಂತ. ಗೊತ್ತಿರೋರು ನೋಡಿದಾಗ ಪೇಜಿನ ಮೇಲೆ ನಂಬಿಕೆ ಬರೋದು ಇಂಥ ಒಂದು ವಾಕ್ಯದಿಂದ.

ಅರ್ಥದ ಸ್ಲೈಡು ಕೆಟ್ಟಿದೆ ಅಂತ ಗೊತ್ತಾಗೋದು ಹೇಗೆ? ಅದರಲ್ಲಿ "ನಾವು", "ಇವತ್ತಿನ ಕಾಲದಲ್ಲಿ", "ಮಾಡಬೇಕು" ಈ ಪದಗಳು ಬಂದಿದ್ರೆ ಹಸಿರು ಒಳಗೆ ನುಗ್ಗಿದೆ ಅಂತ ಅರ್ಥ. ನಿಮ್ಮ ಮಾತು ಬಸವಣ್ಣನವರ ಬಾಯಿಗೆ ಹೋಗಿಬಿಟ್ಟಿದೆ. ತೆಗೆದು ಮುಂದಿನ ಸ್ಲೈಡಿಗೆ ಕಳಿಸಿ.

## ಹಂತ 6: ಚಿಂತನೆಯ ಸ್ಲೈಡುಗಳು

ಈಗ ಹಳೇಬೀಡು ಬರ್ಲಿ. ಮೊದಲೇ ತರೋದಕ್ಕಿಂತ ಇಲ್ಲಿ ತರೋದು ಯಾಕೆ ಒಳ್ಳೇದು ಅಂದ್ರೆ, ದೇವಸ್ಥಾನದ ಫೋಟೋ ಮೇಲೆ ವಚನ ಹಾಕಿದ್ರೆ ಓದೋರು ಬಸವಣ್ಣನವರು ಈ ಗುಡಿ ನೋಡೇ ಹೇಳಿದ್ರು ಅಂದ್ಕೋತಾರೆ. ವಿಡಿಯೋಲಿ "ಅದೇ ಶತಮಾನದಲ್ಲಿ" ಅಂತ ಬಾಯಲ್ಲಿ ಹೇಳಿದ್ದು ಆ ಗೊಂದಲ ತಡೆದಿತ್ತು. ಇದು ಹೊಯ್ಸಳರ ರಾಜಧಾನಿ ದೋರಸಮುದ್ರ, ಬಸವಣ್ಣನವರಿದ್ದದ್ದು ಕಲ್ಯಾಣದಲ್ಲಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತಿರೋದು ನಾವು. ಅದನ್ನ ನಮ್ಮ ಮಾತಾಗೇ ಹೇಳ್ಬೇಕು.

ಆರನೇ ಸ್ಲೈಡು, ದೇವಸ್ಥಾನದ ಫೋಟೋ, ಚಪ್ಪಟೆ ಚಾವಣಿ ಪೂರ್ತಿ ಕಾಣೋ ಹಾಗೆ: "ಬಸವಣ್ಣನವರಿದ್ದ ಅದೇ 12ನೇ ಶತಮಾನದಲ್ಲಿ ನಮ್ಮ ಹಳೇಬೀಡಿನಲ್ಲಿ ಎದ್ದ ಗುಡಿ ಇದು. ಗೋಡೆ ತುಂಬ ಶಿಲ್ಪ ಉಳಿದಿದೆ. ಶಿಖರ ಇಲ್ಲ, ಕಳಶವೂ ಇಲ್ಲ. ಇದರ ಮುಂದೆ ನಿಂತಾಗ ನನಗೆ ಈ ವಚನ ನೆನಪಾಯ್ತು."

"ನನಗೆ ನೆನಪಾಯ್ತು" ಅನ್ನೋ ಎರಡು ಪದ ಬಿಡ್ಬೇಡಿ, ಇಡೀ ಸ್ಲೈಡು ಪ್ರಾಮಾಣಿಕವಾಗಿ ನಿಲ್ಲೋದು ಅದರ ಮೇಲೆ. ಶಿಖರ ಯಾಕಿಲ್ಲ ಅಂತ ಕಾರಣ ಹೇಳೋಕೂ ಹೋಗ್ಬೇಡಿ, ಈ ಸ್ಲೈಡಿಗೆ ಅದು ಬೇಕಾಗಿಲ್ಲ. ಇನ್ನೊಂದು ಮಾತು, ಕಲ್ಲಿನ ಕೆಲಸವನ್ನ ಕೀಳು ಮಾಡೋ ಧಾಟಿ ಬೇಡ. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆ ಪಟ್ಟಿಗೆ ಸೇರಿವೆ, ಊರವರಿಗೆ ಅದರ ಅಭಿಮಾನ ಇದೆ. ವಚನ ಹೇಳೋಕೆ ಶಿಲ್ಪಿಗಳ ಕೈ ಕೆಲಸವನ್ನ ಅಲ್ಲಗಳೆಯೋ ಅಗತ್ಯ ಇಲ್ಲ.

ಏಳನೇ ಸ್ಲೈಡಲ್ಲಿ ಒಂದು ಪ್ರಶ್ನೆ. ಸ್ಕ್ರಿಪ್ಟಿನ "ನೀವೆಲ್ಲಾ ಹೆಸರು ಕೆತ್ತಿಸ್ಕೋತೀರಾ" ಸಾಲನ್ನ ಇಲ್ಲಿ ಪೂರ್ತಿ ತಿರುಗಿಸ್ಬೇಕು. "ನೀವು" ಹೋಗಿ "ನಾನು" ಬರ್ಬೇಕು, ಯಾಕಂದ್ರೆ ಫೋನ್ ಹಿಡ್ಕೊಂಡು ಒಬ್ಬರೇ ಓದ್ತಿರೋರಿಗೆ ಬೆರಳು ತೋರಿಸಿದ್ರೆ ಅವ್ರು ಸ್ವೈಪ್ ಮಾಡಿ ಹೋಗ್ತಾರೆ. "ಯೋಚ್ನೆ ಮಾಡಿ" ಅನ್ನೋದೂ ಸಾಲಲ್ಲ, ಏನನ್ನ ಯೋಚ್ನೆ ಮಾಡ್ಬೇಕು? ಪ್ರಶ್ನೆ ವಚನದ ಚಿತ್ರದಿಂದಲೇ ಹುಟ್ಟಿದ್ರೆ ಗಟ್ಟಿ ಇರುತ್ತೆ. ಕಾಲೇ ಕಂಬ ಅಂದ್ರಲ್ಲ, ಅಲ್ಲಿಂದ:

"ನನ್ನ ಕಾಲೇ ಕಂಬ ಆದರೆ, ಇವತ್ತು ಈ ಕಂಬಗಳು ಯಾರ ಹತ್ತಿರಕ್ಕೆ ನಡೆದು ಹೋದವು? ಮನೆಯಲ್ಲಿರುವ ಅಜ್ಜಿಯ ಹತ್ತಿರಕ್ಕಾದರೂ?"

ಒಳ್ಳೇ ಪ್ರಶ್ನೆಗೆ ಓದೋರ ಮನಸ್ಸಲ್ಲಿ ಒಬ್ಬ ಮನುಷ್ಯ, ಒಂದು ದಿನ, ಒಂದು ಕೆಲಸ ಬರುತ್ತೆ. "ಭಕ್ತಿ ಅಂದರೇನು?" ಅಂದ್ರೆ ಏನೂ ಬರಲ್ಲ. ಹೌದು ಇಲ್ಲ ಅಂತ ಮುಗಿಸೋ ಪ್ರಶ್ನೇನೂ ಬೇಡ. ಎರಡು ಮೂರು ಪ್ರಶ್ನೆ ಹೊಳೆದಿದ್ರೆ ಒಂದನ್ನೇ ಇಡಿ, ಉಳಿದಿದ್ದು ಬೇರೆ ಪೋಸ್ಟಿಗೆ ಇರ್ಲಿ. ಈ ಸ್ಲೈಡಲ್ಲಿ ಫೋಟೋ ಬೇಡ, ಖಾಲಿ ಹಿನ್ನೆಲೆ, ಅಕ್ಷರ ಮಾತ್ರ.

## ಹಂತ 7: ಮುಖಪುಟ

ಈಗ, ಎಲ್ಲಾ ಬರೆದಾದ್ಮೇಲೆ, ಮುಖಪುಟ. ಮೊದಲೇ ಬರೆದ್ರೆ ಒಳಗಿಲ್ಲದ್ದಕ್ಕೆ ಮಾತು ಕೊಟ್ಬಿಡ್ತೀವಿ. "ಬಸವಣ್ಣನ ಈ ರಹಸ್ಯ ನಿಮಗೆ ಗೊತ್ತಾ?" ಅಂತ ಬರೀತಾರೆ, ಒಳಗೆ ರಹಸ್ಯ ಏನಿರುತ್ತೆ, ಶಾಲೇಲಿ ಎಲ್ಲರೂ ಓದಿರೋ ವಚನ. ನಮ್ಮ ಒಳಗಿನ ಸ್ಲೈಡುಗಳು ನಿಜವಾಗಿ ಉತ್ತರಿಸೋ ಪ್ರಶ್ನೆಯನ್ನೇ ಮುಂದಿಡಿ:

"ಗುಡಿ ಕಟ್ಟಿಸೋಕೆ ಆಗದೋರು ದೇವರಿಗೆ ಏನು ಕೊಡಬಹುದು?"
ಕೆಳಗೆ ಚಿಕ್ಕದಾಗಿ: "ಬಸವಣ್ಣನವರ ಒಂದು ವಚನ, ಅರ್ಥ, ಚಿಂತನೆ"

ಆ ಚಿಕ್ಕ ಸಾಲು ಇದ್ರೆ ಒಳಗೆ ಏನಿದೆ ಅಂತ ಗೊತ್ತಾಗಿ, ಬೇಕಾದೋರು ನಿಂತು ಓದ್ತಾರೆ.

## ಹಂತ 8: ಸೈಜು, ಫಾಂಟು, ಜಾಗ

ಕ್ಯಾನ್ವಾಸ್ 1080 × 1350 ಇಡಿ, ಏಳೂ ಸ್ಲೈಡಿಗೆ ಅದೇ. ಮೊದಲ ಸ್ಲೈಡಿನ ಅಳತೆಯೇ ಉಳಿದಿದ್ದಕ್ಕೂ ಆಗುತ್ತೆ, ನಡುವೆ ಒಂದು ಚೌಕದ್ದು ಹಾಕಿದ್ರೆ ಅದರ ಅಂಚು ಕತ್ತರಿಸಿ ಹೋಗುತ್ತೆ. ಸುತ್ತಲೂ 100 ಪಿಕ್ಸೆಲ್ ಖಾಲಿ ಬಿಡಿ. ಪ್ರೊಫೈಲ್ ಗ್ರಿಡ್ಡಲ್ಲಿ ಈಗ 3:4 ಅಳತೇಲಿ ಕಾಣೋದ್ರಿಂದ ಈ ಸೈಜಿನ ಮುಖಪುಟದ ಎಡಬಲದಲ್ಲಿ ಸುಮಾರು 34 ಪಿಕ್ಸೆಲ್ ಹೋಗುತ್ತೆ, ಅಂಚಿಗೆ ಅಂಟಿಸಿ ಬರೆದ ಅಕ್ಷರ ಅಲ್ಲಿ ಅರ್ಧ ಕಾಣುತ್ತೆ. ಬಲಗಡೆ ಮೇಲಿನ ಮೂಲೇಲಿ ಸ್ಲೈಡ್ ನಂಬರ್ ಬರುತ್ತೆ, ಅಲ್ಲಿ ಏನೂ ಬರೀಬೇಡಿ.

ಫಾಂಟಿಗೆ ವಚನಕ್ಕೊಂದು, ಉಳಿದಿದ್ದಕ್ಕೊಂದು, ಎರಡೇ. ವಚನಕ್ಕೆ Noto Serif Kannada ಅಥವಾ Tiro Kannada, ಅರ್ಥ ಚಿಂತನೆಗೆ Noto Sans Kannada ಅಥವಾ Anek Kannada. ಮೂಲ ಯಾವುದು ವಿವರಣೆ ಯಾವುದು ಅಂತ ಫಾಂಟೇ ಹೇಳ್ಬೇಕು. ವಚನ 60ರಿಂದ 68, ಅರ್ಥ 46ಕ್ಕಿಂತ ಕಮ್ಮಿ ಬೇಡ.

ಕನ್ನಡಕ್ಕೆ ಸಾಲಿನ ನಡುವೆ ಜಾಗ ಜಾಸ್ತಿ ಬೇಕು, 1.4 ರಿಂದ 1.5. ಇಂಗ್ಲಿಷ್ ಟೆಂಪ್ಲೇಟಲ್ಲಿ ಇರೋ ಹಾಗೇ ಬಿಟ್ರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತೆ, "ಸ್ಥಾವರಕ್ಕಳಿವುಂಟು" ಸಾಲು ನೋಡಿದ್ರೆ ಗೊತ್ತಾಗುತ್ತೆ. ಅಕ್ಷರಗಳ ನಡುವಿನ ಜಾಗ ಮಾತ್ರ ಸೊನ್ನೆ ಇರ್ಲಿ, ಅದನ್ನ ಹಿಗ್ಗಿಸಿದ್ರೆ ಪದ ಬಿಡಿ ಬಿಡಿಯಾಗಿ ಓದೋಕೇ ಆಗಲ್ಲ. ಎರಡೂ ಅಂಚು ಸಮ ಮಾಡೋ ಆಪ್ಷನ್ನೂ ಬೇಡ, ಕನ್ನಡದ ಉದ್ದ ಪದಗಳಿಗೆ ಅದು ನಡುವೆ ದೊಡ್ಡ ದೊಡ್ಡ ಸಂದು ಬಿಡುತ್ತೆ.

ಫೋಟೋಶಾಪಲ್ಲಿ ಮಾಡೋರಿಗೆ ಒತ್ತಕ್ಷರ ಕೆಳಗೆ ಹೋಗದೇ ಪಕ್ಕದಲ್ಲಿ "ಸ್‌ಥಾ" ಅಂತ ಕಂಡ್ರೆ ತಪ್ಪು ಫಾಂಟಿಂದಲ್ಲ, ಪ್ಯಾರಾಗ್ರಾಫ್ ಸೆಟಿಂಗಲ್ಲಿ World-Ready Layout ಆನ್ ಮಾಡಿ, ಸರಿಹೋಗುತ್ತೆ.

## ಹಂತ 9: ಹಾಕೋ ಮುಂಚೆ

PNG ಆಗಿ ಎಕ್ಸ್‌ಪೋರ್ಟ್ ಮಾಡಿ, ಹೆಸರು 01, 02 ಅಂತ ಇಡಿ, ಇಲ್ಲಾಂದ್ರೆ ಗ್ಯಾಲರೀಲಿ ಕ್ರಮ ಕಲಸಿಹೋಗುತ್ತೆ. ಏಳನ್ನೂ ಮನೇಲಿ ಯಾರಿಗಾದ್ರೂ ವಾಟ್ಸಾಪಲ್ಲಿ ಕಳಿಸಿ, ಅವ್ರ ಫೋನಲ್ಲೇ ನೋಡಿ. ಬಿಸಿಲಲ್ಲಿ ಹೊರಗೆ ನಿಂತು ಒಂದ್ಸಲ ನೋಡಿ, ಹಾಸನ ಬಸ್‌ಸ್ಟಾಂಡಲ್ಲಿ ಮಧ್ಯಾಹ್ನ ಬಸ್ಸಿಗೆ ಕಾಯ್ತಾ ನೋಡೋರೇ ಜಾಸ್ತಿ, ತೆಳು ಬೂದು ಅಕ್ಷರ ಅಲ್ಲಿ ಕಾಣಲ್ಲ.

ಆಮೇಲೆ ಒಂದು ಪರೀಕ್ಷೆ ಮಾಡಿ. ವಿಡಿಯೋ ನೋಡದೇ ಇರೋ ಒಬ್ಬರಿಗೆ ಬರೀ ಐದನೇ ಸ್ಲೈಡ್ ತೋರಿಸಿ, "ಇದನ್ನ ಹೇಳಿದ್ದು ಯಾರು?" ಅಂತ ಕೇಳಿ. "ಬಸವಣ್ಣ" ಅಂದ್ರೆ ಸರಿ. ಆಮೇಲೆ ಆರನೇದು ತೋರಿಸಿ ಅದೇ ಪ್ರಶ್ನೆ ಕೇಳಿ. ಅದಕ್ಕೂ "ಬಸವಣ್ಣ" ಅಂದ್ರೆ ನಿಮ್ಮ ಚಿಂತನೆ ಇನ್ನೂ ವಚನದ ವೇಷದಲ್ಲಿದೆ. ಆಗ ಫಾಂಟು, ಹಿನ್ನೆಲೆ ಬಣ್ಣ ಬೇರೆ ಮಾಡಿ, ಮೇಲೆ "ನಮ್ಮ ಚಿಂತನೆ" ಅಂತ ಚಿಕ್ಕ ತಲೆಬರಹ ಹಾಕಿ, ಇನ್ನೊಬ್ಬರಿಗೆ ತೋರಿಸಿ.

ಕ್ಯಾಪ್ಶನಲ್ಲಿ ವಚನವನ್ನ ಟೆಕ್ಸ್ಟಾಗಿ ಪೂರ್ತಿ ಹಾಕಿ, ಚಿತ್ರದೊಳಗಿನ ಅಕ್ಷರವನ್ನ ಸುಲಭವಾಗಿ ಕಾಪಿ ಮಾಡ್ಕೊಳ್ಳೋಕೆ ಆಗಲ್ಲ. ಆಲ್ಟ್ ಟೆಕ್ಸ್ಟಲ್ಲಿ ಆಯಾ ಸ್ಲೈಡಿನ ಮಾತನ್ನ ಹಾಗೇ ಬರೀರಿ, ಕಣ್ಣು ಕಾಣದೋರ ಫೋನು ಅದನ್ನ ಓದಿ ಹೇಳುತ್ತೆ, ಬರೀ "ವಚನದ ಚಿತ್ರ" ಅಂತಿದ್ರೆ ಅವ್ರಿಗೆ ಏನೂ ಸಿಗಲ್ಲ.

ಹಾಕಿದ್ಮೇಲೆ ಕ್ಯಾಪ್ಶನ್ ತಿದ್ದಬಹುದು, ಸ್ಲೈಡೊಳಗಿನ ಅಕ್ಷರ ತಿದ್ದೋಕೆ ಆಗಲ್ಲ. ಅರ್ಥ ಅಥವಾ ಚಿಂತನೆಯ ಸ್ಲೈಡಲ್ಲಿ ಚಿಕ್ಕ ತಪ್ಪು ಸಿಕ್ಕಿದ್ರೆ ಕ್ಯಾಪ್ಶನ್ನಿನ ಮೊದಲ ಸಾಲಲ್ಲೇ ತಿದ್ದುಪಡಿ ಬರೀರಿ. ವಚನದ ಸ್ಲೈಡಲ್ಲೇ ಅಕ್ಷರ ತಪ್ಪಿದ್ರೆ ಎಷ್ಟು ಲೈಕ್ ಬಂದಿದ್ರೂ ಪೋಸ್ಟ್ ತೆಗೆದು, ಸರಿ ಮಾಡಿ, ಮತ್ತೆ ಹಾಕಿ.